ನೋಟಿಫಿಕೇಶನ್ ರವಾನೆ: ರೇಟ್ ಲಿಮಿಟ್ ಮತ್ತು ಬ್ಯಾಕ್‌ಆಫ್

ನಿಗದಿತ ಅವಧಿಯಲ್ಲಿ ಒಂದು ಸೇವೆ ಎಷ್ಟು ಕೋರಿಕೆಗಳನ್ನು ಸ್ವೀಕರಿಸುತ್ತದೆ ಎಂಬ ಮಿತಿಗೆ ರೇಟ್ ಲಿಮಿಟ್ ಎನ್ನುತ್ತಾರೆ. ತಿರಸ್ಕೃತವಾದ ಕೋರಿಕೆಯನ್ನು ಪ್ರತಿಸಲವೂ ಹಿಂದಿನದಕ್ಕಿಂತ ದುಪ್ಪಟ್ಟು ಹೊತ್ತು ಕಾದು ಮತ್ತೆ ಕಳುಹಿಸುವುದು ಎಕ್ಸ್‌ಪೊನೆನ್ಶಿಯಲ್ ಬ್ಯಾಕ್‌ಆಫ್. ಇದು ಹಳೆಯ ಉಪಾಯ. ಒಂದೇ ತಂತಿಯಲ್ಲಿ ಡಿಕ್ಕಿಯಾದ ಪ್ಯಾಕೆಟ್‌ಗಳನ್ನು ಬಿಡಿಸಲು ಈಥರ್ನೆಟ್ 1970ರ ದಶಕದಲ್ಲೇ ಇದನ್ನು ಬಳಸಿತ್ತು.

ಆಂಡ್ರಾಯ್ಡ್ ಫೋನುಗಳಿಗೆ ಸಂದೇಶ ತಲುಪಿಸುವ ಗೂಗಲ್‌ನ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಸೇವೆಯಲ್ಲಿ ಒಂದು ಪ್ರಾಜೆಕ್ಟ್‌ಗೆ ಸಾಮಾನ್ಯವಾಗಿ ನಿಮಿಷಕ್ಕೆ 6 ಲಕ್ಷ ಸಂದೇಶಗಳ ಮಿತಿಯಿದೆ. ಅದನ್ನು ದಾಟಿದರೆ `429` ಎಂಬ ಉತ್ತರ ಬರುತ್ತದೆ. ಎಷ್ಟು ಸೆಕೆಂಡು ಕಾಯಬೇಕೆಂದು `retry-after` ಹೆಡರ್ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಹೇಳದಿದ್ದರೆ 60 ಸೆಕೆಂಡು ಕಾಯುವುದು ಕ್ರಮ.

15 ಲಕ್ಷ ಫೋನುಗಳಿಗೆ ಒಂದು ಸುದ್ದಿ ಹೋಗಬೇಕು ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ ಕೆಲವೇ ಸೆಕೆಂಡುಗಳಲ್ಲಿ ತಳ್ಳಿದರೆ 6 ಲಕ್ಷ ಹೋಗಿ 9 ಲಕ್ಷ ಹಿಂದಿರುಗುತ್ತವೆ. ಅವೆಲ್ಲವೂ ಸರಿಯಾಗಿ 60 ಸೆಕೆಂಡು ಕಾದು ಬಂದರೆ ಮತ್ತೆ ಅದೇ ನೂಕುನುಗ್ಗಲು, ಈ ಸಲ 3 ಲಕ್ಷ ಹೊರಗುಳಿಯುತ್ತವೆ. ಕಾಯುವ ಅವಧಿಯನ್ನು ಎಷ್ಟು ಹೆಚ್ಚಿಸಿದರೂ ಎಲ್ಲವೂ ಒಟ್ಟಿಗೇ ಕಾದರೆ ಪ್ರಯೋಜನವಿಲ್ಲ. ಬದಲಿಗೆ ಪ್ರತಿ ಸಂದೇಶವೂ 60 ಸೆಕೆಂಡಿನ ಮೇಲೆ 0ರಿಂದ 120ರೊಳಗಿನ ಯಾವುದೋ ಒಂದು ಸಂಖ್ಯೆಯಷ್ಟು ಹೆಚ್ಚು ಕಾದರೆ, 9 ಲಕ್ಷವೂ ಎರಡು ನಿಮಿಷಗಳಲ್ಲಿ ಚದುರಿ, ನಿಮಿಷಕ್ಕೆ ಸುಮಾರು 4.5 ಲಕ್ಷದಂತೆ ಮಿತಿಯೊಳಗೇ ಸಾಗುತ್ತವೆ. ಈ ಚದುರಿಕೆಯ ಹೆಸರು ಜಿಟ್ಟರ್. ದುಪ್ಪಟ್ಟಾಗುವ ಲೆಕ್ಕಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ, ಕೋಡಿನಲ್ಲಿ ಮರೆತುಹೋಗುವುದೂ ಇದೇ.

ಸೇವೆಯೇ ತಾತ್ಕಾಲಿಕವಾಗಿ ಕುಸಿದು `503` ಬಂದಾಗ, ಹೆಡರ್ ಇಲ್ಲದಿದ್ದರೆ, ಕನಿಷ್ಠ 10 ಸೆಕೆಂಡಿನಿಂದ ಶುರುಮಾಡಬಹುದು:

```
d = min(600, 10 * 2**n)
wait = d + random(0, d)
```

`n` ಸೊನ್ನೆಯಿಂದ ಏರುತ್ತದೆ. ಮೊದಲ ಸಲ 10ರಿಂದ 20 ಸೆಕೆಂಡು, ಮುಂದೆ 20ರಿಂದ 40, ಆಮೇಲೆ 40ರಿಂದ 80. ಒಂದು ಗಂಟೆ ಕಳೆದರೂ ಹೋಗದ ಸಂದೇಶವನ್ನು ಕೈಬಿಡುವುದು ಮೇಲು. ಮುಗಿದ ಪಂದ್ಯದ ಸ್ಕೋರು ಯಾರಿಗೂ ಬೇಡ.

ಆದರೆ ಮರುಪ್ರಯತ್ನ ಎಡವಿದಾಗ ಆಧರಿಸುವ ಉಪಾಯ ಮಾತ್ರ. ಮೊದಲಿನಿಂದಲೇ ಸೆಕೆಂಡಿಗೆ 8,000ದಂತೆ ಬಿಟ್ಟಿದ್ದರೆ ಆ 15 ಲಕ್ಷವೂ ಮೂರು ನಿಮಿಷ ಚಿಲ್ಲರೆಯಲ್ಲಿ, ಒಂದೂ `429` ಇಲ್ಲದೆ ಮುಗಿಯುತ್ತಿತ್ತು.

ಎಲ್ಲ ದೋಷಕ್ಕೂ ಮರುಪ್ರಯತ್ನ ಸಲ್ಲದು. `404` ಜೊತೆ `UNREGISTERED` ಬಂದರೆ ಆ ಟೋಕನ್ ಈಗ ಚಾಲ್ತಿಯಲ್ಲಿಲ್ಲ. ಅದನ್ನು ಪಟ್ಟಿಯಿಂದ ಅಳಿಸಬೇಕು. `400` ಬಂದರೆ ಕಳುಹಿಸಿದ ಕೋರಿಕೆಯಲ್ಲೇ ತಪ್ಪಿದೆ. ಉತ್ತರವೇ ಬಾರದೆ ಟೈಮ್‌ಔಟ್ ಆದದ್ದು ಇವೆಲ್ಲಕ್ಕಿಂತ ತೊಡಕಿನದು. ಸಂದೇಶ ಈಗಾಗಲೇ ತಲುಪಿರಬಹುದು, ಮತ್ತೆ ಕಳುಹಿಸಿದರೆ ಓದುಗನಿಗೆ ಎರಡು ಸಲ ಕಾಣುತ್ತದೆ. ಎರಡಕ್ಕೂ ಒಂದೇ `tag` ಕೊಟ್ಟಿದ್ದರೆ ಆಂಡ್ರಾಯ್ಡ್ ಹಳೆಯದರ ಜಾಗದಲ್ಲೇ ಹೊಸದನ್ನು ತೋರಿಸುತ್ತದೆ.