ಮೊಮೆಂಟ್ ವಿಧಾನದ ಅಂದಾಜು: ಏಕರೂಪ ಮತ್ತು ಗ್ಯಾಮಾ ವಿತರಣೆಗಳು

ಮೊಮೆಂಟ್ ವಿಧಾನವೆಂಬುದು ಸಂಖ್ಯಾಶಾಸ್ತ್ರದಲ್ಲಿ ಒಂದು ಸಂಭವನೀಯತಾ ವಿತರಣೆಯ ಅಜ್ಞಾತ ಪ್ರಾಚಲಗಳನ್ನು, ಅಂದರೆ ಆ ವಿತರಣೆಯ ಆಕಾರವನ್ನೂ ವಿಸ್ತಾರವನ್ನೂ ನಿರ್ಧರಿಸುವ ಸಂಖ್ಯೆಗಳನ್ನು, ಕೈಯಲ್ಲಿರುವ ದತ್ತಾಂಶದಿಂದ ಅಂದಾಜಿಸುವ ಒಂದು ಕ್ರಮ. ಚರವೊಂದರ k-ನೆಯ ಘಾತದ ಸರಾಸರಿಗೆ k-ನೆಯ ಮೊಮೆಂಟ್ ಎನ್ನುತ್ತಾರೆ; ಮೊದಲನೆಯ ಮೊಮೆಂಟ್ ಸಾಧಾರಣ ಸರಾಸರಿಯೇ ಆಗಿದ್ದು, ಎರಡನೆಯದು ವರ್ಗಗಳ ಸರಾಸರಿಯಾಗಿರುತ್ತದೆ. ವಿತರಣೆಯ ಮೊಮೆಂಟುಗಳನ್ನು ಪ್ರಾಚಲಗಳ ಮೂಲಕ ಬರೆದು, ಅವುಗಳನ್ನು ಸ್ಯಾಂಪಲ್ಲಿನ ಮೊಮೆಂಟುಗಳಿಗೆ ಸಮೀಕರಿಸಿ, ಬಂದ ಸಮೀಕರಣಗಳನ್ನು ಬಿಡಿಸುವುದೇ ಈ ವಿಧಾನ. ಪ್ರಾಚಲಗಳು ಎಷ್ಟಿವೆಯೋ ಅಷ್ಟು ಸಮೀಕರಣಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಸ್ಯಾಂಪಲ್ ದೊಡ್ಡದಾದಂತೆ ಅದರ ಮೊಮೆಂಟುಗಳು ವಿತರಣೆಯ ಮೊಮೆಂಟುಗಳನ್ನು ಸಮೀಪಿಸುತ್ತವೆ ಎಂಬ ಬೃಹತ್ ಸಂಖ್ಯೆಗಳ ನಿಯಮವೇ ಇದಕ್ಕೆ ಆಧಾರ. ಐದಾರು ಸಂಖ್ಯೆಗಳಿರುವ ಸ್ಯಾಂಪಲ್ಲಿನಲ್ಲಿ ಆ ಆಧಾರ ಎಷ್ಟು ಸಡಿಲವಾಗಿರುತ್ತದೆ ಎಂಬುದು ಮುಂದಿನ ಲೆಕ್ಕದಲ್ಲಿ ಕಾಣಿಸುತ್ತದೆ.

ಈ ವಿಧಾನವನ್ನು ಅಂದಾಜಿನ ಸಾಧನವಾಗಿ ಬಳಕೆಗೆ ತಂದವನು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್. ವೆಲ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ ನೇಪಲ್ಸಿನ ಏಡಿಗಳನ್ನು ಅಳೆದು ಒದಗಿಸಿದ್ದ ಅಂಕಿಗಳು ಎರಡು ಸಹಜ ವಿತರಣೆಗಳ ಮಿಶ್ರಣವಾಗಿರಬಹುದೇ ಎಂದು ನೋಡಲು, ಪಿಯರ್ಸನ್ 1894ರ ಲೇಖನದಲ್ಲಿ ಐದು ಮೊಮೆಂಟುಗಳನ್ನು ಸಮೀಕರಿಸಿ, ಕೊನೆಗೆ ಒಂಬತ್ತನೆಯ ಘಾತದ ಸಮೀಕರಣವೊಂದನ್ನು ಬಿಡಿಸಬೇಕಾಯಿತು. ಗಣಕಯಂತ್ರವಿಲ್ಲದ ಕಾಲದ ಆ ಶ್ರಮಕ್ಕೆ ಹೋಲಿಸಿದರೆ ಏಕರೂಪ ಮತ್ತು ಗ್ಯಾಮಾ ವಿತರಣೆಗಳ ಲೆಕ್ಕ ಒಂದು ಪುಟದ ಕೈಬರಹದಲ್ಲಿ ಮುಗಿಯುವಷ್ಟು ಹಗುರ.

ನಿಲ್ದಾಣವೊಂದರಲ್ಲಿ ಬಸ್ಸಿಗಾಗಿ ಕಾದ ನಿಮಿಷಗಳನ್ನು ಹಾಳೆಯ ಮೇಲೆ 2, 3, 4, 5, 16 ಎಂದು ಬರೆದುಕೊಳ್ಳಲಾಗಿದೆ ಎಂದು ಉದಾಹರಣೆಗಾಗಿ ಭಾವಿಸಬಹುದು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದರ ವರ್ಗವನ್ನು ಬರೆದರೆ 4, 9, 16, 25, 256 ಎಂಬ ಎರಡನೆಯ ಕಂಬಸಾಲು ಸಿದ್ಧವಾಗುತ್ತದೆ. ಮೊದಲ ಸಾಲಿನ ಮೊತ್ತ 30, ಎರಡನೆಯದರ ಮೊತ್ತ 310; ಎರಡನ್ನೂ 5ರಿಂದ ಭಾಗಿಸಿದಾಗ ಮೊದಲ ಮೊಮೆಂಟ್ m₁ = 6, ಎರಡನೆಯ ಮೊಮೆಂಟ್ m₂ = 62 ಎಂದಾಗುತ್ತದೆ. ಸಂಖ್ಯೆಗಳು ಸರಾಸರಿಯಿಂದ ಎಷ್ಟು ಹರಡಿಕೊಂಡಿವೆ ಎಂಬುದನ್ನು ತಿಳಿಸುವ ವೇರಿಯನ್ಸ್ m₂ − m₁² = 62 − 36 = 26.

ಬಸ್ಸುಗಳು θ ನಿಮಿಷಕ್ಕೊಂದರಂತೆ ತಪ್ಪದೆ ಬರುತ್ತವೆ, ಪ್ರಯಾಣಿಕನು ಯಾವುದೋ ಗಳಿಗೆಯಲ್ಲಿ ಬಂದು ನಿಲ್ಲುತ್ತಾನೆ ಎಂದಿಟ್ಟುಕೊಂಡರೆ, ಕಾಯುವ ಅವಧಿಯು 0ಯಿಂದ θವರೆಗೆ ಎಲ್ಲೆಡೆ ಸಮ ಸಾಂದ್ರತೆಯುಳ್ಳ ಏಕರೂಪ ವಿತರಣೆಯಾಗುತ್ತದೆ. ಇದರ ಸರಾಸರಿ θ/2 ಆದುದರಿಂದ θ/2 = m₁ ಎಂದು ಬರೆದು, ಅಂದಾಜು 2m₁ = 12 ಎಂದು ಪಡೆಯಬಹುದು. ಆದರೆ ಹಾಳೆಯಲ್ಲಿಯೇ 16 ನಿಮಿಷದ ಒಂದು ಕಾಯುವಿಕೆ ದಾಖಲಾಗಿದೆ. ಅಂತರ 12 ನಿಮಿಷವೇ ಆಗಿದ್ದರೆ ಅದು ಸಂಭವಿಸುವಂತೆಯೇ ಇರಲಿಲ್ಲ. ಲೆಕ್ಕದಲ್ಲಿ ತಪ್ಪಿಲ್ಲದಿದ್ದರೂ ಉತ್ತರವು ದತ್ತಾಂಶಕ್ಕೆ ವಿರುದ್ಧವಾಗಿದೆ. ಏಕೆಂದರೆ ಮೊಮೆಂಟ್ ವಿಧಾನವು ಸರಾಸರಿಯನ್ನು ಮಾತ್ರ ಕೇಳುತ್ತದೆಯೇ ಹೊರತು, ಯಾವ ಸಂಖ್ಯೆ ಎಲ್ಲಿ ಬಿದ್ದಿದೆ ಎಂಬುದನ್ನು ಗಮನಿಸುವುದಿಲ್ಲ. ಎರಡೇ ಸಂಖ್ಯೆಗಳಿದ್ದಾಗ 2m₁ ಅವುಗಳ ಮೊತ್ತಕ್ಕೆ ಸಮನಾಗಿರುವುದರಿಂದ ಈ ವೈರುಧ್ಯ ಹುಟ್ಟಲಾರದು. ಮೂರನೆಯ ಸಂಖ್ಯೆ ಸೇರಿದೊಡನೆ ಅದಕ್ಕೆ ದಾರಿ ತೆರೆಯುತ್ತದೆ.

ಕೆಳಮಿತಿಯೂ ಅಜ್ಞಾತವೆಂದು a ಮತ್ತು b ಎಂಬ ಎರಡು ಪ್ರಾಚಲಗಳನ್ನು ಇಟ್ಟುಕೊಂಡರೂ ಪರಿಹಾರ ದೊರೆಯುವುದಿಲ್ಲ. ಆಗ ಸರಾಸರಿ (a + b)/2, ವೇರಿಯನ್ಸ್ (b − a)²/12 ಆಗಿರುವುದರಿಂದ ಅಂದಾಜುಗಳು m₁ ∓ √(3 × 26) ಎಂಬ ರೂಪ ತಾಳಿ, a ಸುಮಾರು −2.83 ಮತ್ತು b ಸುಮಾರು 14.83 ಎಂದು ಬರುತ್ತವೆ. ಕಾಯುವ ಅವಧಿ ಋಣ ಸಂಖ್ಯೆಯಾಗುವುದು ಅಸಂಬದ್ಧ. ಮೇಲ್ಮಿತಿಯೂ 16ನ್ನು ಮುಟ್ಟಿಲ್ಲ. ಸಮೀಕರಣ ಬಿಡಿಸಿದ ಕೂಡಲೇ ಅಂದಾಜನ್ನು ಸ್ಯಾಂಪಲ್ಲಿನ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಗಳೊಡನೆ ಹೋಲಿಸಿ ನೋಡುವುದು ಆದುದರಿಂದ ಅಗತ್ಯ. ಏಕರೂಪ ವಿತರಣೆಯಲ್ಲಿ θ ಕುರಿತ ಮಾಹಿತಿಯೆಲ್ಲ ಗರಿಷ್ಠ ಸಂಖ್ಯೆಯಲ್ಲಿಯೇ ಅಡಗಿರುತ್ತದೆ. ಗರಿಷ್ಠವನ್ನು (n + 1)/n ಎಂಬ ಭಿನ್ನರಾಶಿಯಿಂದ ಗುಣಿಸಿದರೆ ಇಲ್ಲಿ 19.2 ಬರುತ್ತದೆ; ಈ ಅಂದಾಜಕದ ವೇರಿಯನ್ಸ್ θ²/(n(n + 2)) ಆಗಿದ್ದರೆ 2m₁ನದು θ²/(3n). ಐದು ಸಂಖ್ಯೆಗಳಲ್ಲಿ ಈ ವ್ಯತ್ಯಾಸ ಎರಡೂವರೆ ಪಟ್ಟಿಗಿಂತ ಕಡಿಮೆ, ನೂರು ಸಂಖ್ಯೆಗಳಲ್ಲಿ 34 ಪಟ್ಟು.

ಸಣ್ಣ ಸಂಖ್ಯೆಗಳು ಗುಂಪುಗೂಡಿ ಒಂದು ದೂರ ಸಿಡಿದಿರುವ ಇಂಥ ದತ್ತಾಂಶಕ್ಕೆ ಬಲಕ್ಕೆ ಉದ್ದ ಬಾಲವಿರುವ ಗ್ಯಾಮಾ ವಿತರಣೆ ಹೆಚ್ಚು ಒಪ್ಪುತ್ತದೆ. ಆಕಾರ ಪ್ರಾಚಲ α, ಅಳತೆಯ ಪ್ರಾಚಲ β ಎಂದಿಟ್ಟರೆ ಅದರ ಸರಾಸರಿ αβ, ವೇರಿಯನ್ಸ್ αβ². ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ β ಒಂದೇ ಉಳಿಯುವುದರಿಂದ β = 26/6, ಅಂದರೆ ಸುಮಾರು 4.33; α = 36/26, ಅಂದರೆ ಸುಮಾರು 1.38. ಗುಣಲಬ್ಧ ಮತ್ತೆ 6 ಬರುವುದು ಲೆಕ್ಕದ ತಾಳೆ. ಕೆಲವು ಪಠ್ಯಗಳು β ಬದಲು ಅದರ ವಿಲೋಮವನ್ನು ಪ್ರಾಚಲವೆಂದು ಹಿಡಿಯುತ್ತವೆ. ಹಾಗೆಯೇ ವೇರಿಯನ್ಸಿಗೆ nರ ಬದಲು n − 1ರಿಂದ ಭಾಗಿಸುವವರಿಗೆ 26ರ ಸ್ಥಾನದಲ್ಲಿ 32.5 ಸಿಕ್ಕಿ α ಸುಮಾರು 1.11ಕ್ಕೆ ಇಳಿಯುತ್ತದೆ. ಎರಡು ಉತ್ತರಗಳು ಹೊಂದದಿದ್ದಾಗ ಮೊದಲು ಪರಿಶೀಲಿಸಬೇಕಾದದ್ದು ಈ ರೂಢಿಗಳನ್ನು.

ಕೈಬರಹದ ಹಾಳೆಯಿಂದ ಲೆಕ್ಕ ಮಾಡುವಾಗ ಇದಕ್ಕಿಂತ ದೊಡ್ಡ ಅಪಾಯ ಅಂಕಿಯನ್ನು ತಪ್ಪಾಗಿ ಓದುವುದರಲ್ಲಿದೆ. ಬಾಲ ಮಾಸಿದ 6 ಸೊನ್ನೆಯಂತೆ ಕಂಡು 16 ಎಂಬುದು 10 ಆಯಿತೆಂದುಕೊಂಡರೆ, ಮೊತ್ತಗಳು 24 ಮತ್ತು 154ಕ್ಕೆ ಇಳಿದು, m₁ = 4.8, m₂ = 30.8, ವೇರಿಯನ್ಸ್ 7.76 ಆಗುತ್ತವೆ, α ಸುಮಾರು 2.97ಕ್ಕೆ ಏರುತ್ತದೆ. ಸರಾಸರಿ ಐದನೇ ಒಂದು ಭಾಗದಷ್ಟು ಮಾತ್ರ ತಗ್ಗಿದ್ದರೂ ಆಕಾರ ಪ್ರಾಚಲ ಇಮ್ಮಡಿಗೂ ಮೀರಿದೆ. ಮೂಲ ಹಾಳೆಯಲ್ಲಿ 310ರ ಪೈಕಿ 256 ಒಂದೇ ಸಂಖ್ಯೆಯಿಂದ ಬಂದಿತ್ತೆಂಬುದೇ ಇದರ ಕಾರಣ. ವರ್ಗಗಳ ಸಾಲಿನಲ್ಲಿ ಹೀಗೆ ಒಂದೇ ಸಂಖ್ಯೆ ಮೊತ್ತವನ್ನು ಆಳುತ್ತಿದ್ದರೆ, ಆ ಅಂಕಿಯನ್ನು ಮೂಲದೊಂದಿಗೆ ಮತ್ತೊಮ್ಮೆ ಹೋಲಿಸಬೇಕು. ಸರಾಸರಿಯನ್ನು ಅವಸರದಲ್ಲಿ ಪೂರ್ಣಾಂಕಕ್ಕೆ ಇಳಿಸುವುದೂ ಇಷ್ಟೇ ಹಾನಿಕರ. ಇದೇ ಎರಡನೆಯ ಲೆಕ್ಕದಲ್ಲಿ 4.8ನ್ನು 5 ಎಂದು ಬರೆದರೆ ವೇರಿಯನ್ಸ್ 5.8ಕ್ಕೆ ಕುಸಿದು α 4.3 ದಾಟುತ್ತದೆ, ಏಕೆಂದರೆ ಪರಸ್ಪರ ಹತ್ತಿರವಿರುವ ಎರಡು ಸಂಖ್ಯೆಗಳನ್ನು ಕಳೆಯುವಾಗ ಸಣ್ಣ ದೋಷವೂ ಉಳಿಕೆಯಲ್ಲಿ ದೊಡ್ಡದಾಗುತ್ತದೆ.

ರೊನಾಲ್ಡ್ ಫಿಶರ್ 1922ರಲ್ಲಿ ಪ್ರಕಟಿಸಿದ ಲೇಖನವು ಈ ವಿಧಾನದ ದಕ್ಷತೆಯನ್ನೇ ಪ್ರಶ್ನಿಸಿ, ದತ್ತಾಂಶದಲ್ಲಿರುವ ಮಾಹಿತಿಯ ಒಂದು ಪಾಲನ್ನು ಅದು ವ್ಯರ್ಥಮಾಡುತ್ತದೆ ಎಂದು ತೋರಿಸಿತು. ಗ್ಯಾಮಾ ವಿತರಣೆಯಲ್ಲಿ α ದೊಡ್ಡದಿದ್ದಾಗ ಆ ನಷ್ಟ ಅಲ್ಪ, ಚಿಕ್ಕದಿದ್ದಾಗ ಗಣನೀಯ. ಫಿಶರನ ಗರಿಷ್ಠ ಸಂಭಾವ್ಯತಾ ವಿಧಾನವು ವರ್ಗಗಳ ಬದಲು ಲಾಗರಿದಮ್ಮುಗಳ ಸರಾಸರಿಯನ್ನು ಬಳಸುವುದರಿಂದ 16ರ ಪ್ರಭಾವ ತಗ್ಗಿ, ಮೂಲ ಹಾಳೆಗೆ α ಸುಮಾರು 1.9, β ಸುಮಾರು 3.1 ಎಂಬ ಬೆಲೆಗಳು ದೊರೆಯುತ್ತವೆ. ಆದರೆ ಆ ಸಮೀಕರಣಕ್ಕೆ ನೇರ ಸೂತ್ರವಿಲ್ಲದೆ, ಒಂದು ಆರಂಭಿಕ ಬೆಲೆಯಿಂದ ಹೊರಟು ಹಂತಹಂತವಾಗಿ ಸುಧಾರಿಸಿಕೊಳ್ಳುತ್ತ ಹೋಗಬೇಕಾಗುತ್ತದೆ, ಮತ್ತು ಆ ಆರಂಭಿಕ ಬೆಲೆಯಾಗಿ ಸಾಮಾನ್ಯವಾಗಿ ಆರಿಸಿಕೊಳ್ಳುವುದು ಮೊಮೆಂಟ್ ವಿಧಾನ ಕೊಟ್ಟ 1.38ರಂಥ ಅಂದಾಜನ್ನೇ.