ಕೋಲಿನ ತುದಿಗೆ ಹೊಡೆದರೆ ಅದು ಮುಂದೆ ಸಾಗುವ ವೇಗ ಕಡಿಮೆಯಾಗುತ್ತದೆಯೇ?

ಘರ್ಷಣೆಯೇ ಇಲ್ಲದ ಮಂಜುಗಡ್ಡೆಯ ಮೇಲೆ ಒಂದು ಕೋಲು ಮಲಗಿದೆ ಎಂದುಕೊಳ್ಳಿ. ಉದ್ದಕ್ಕೂ ಒಂದೇ ದಪ್ಪ, ಒಂದೇ ತೂಕ. ಸರಿಯಾಗಿ ನಡುವಿಗೆ ಹೊಡೆದರೆ ಅದು ತಿರುಗದೆ ಸಾಗುತ್ತದೆ. ತುದಿಗೆ ಅಡ್ಡಲಾಗಿ ಹೊಡೆದರೆ ತಿರುಗುತ್ತಾ ಸಾಗುತ್ತದೆ. ಆಗ ಹೊಡೆತದ ಒಂದು ಪಾಲು ತಿರುಗಲು ಖರ್ಚಾಗಿ, ಮುಂದಿನ ವೇಗ ತಗ್ಗುತ್ತದೆ ಎಂದು ಹಲವರು ನಂಬುತ್ತಾರೆ.

ಇದು ನಿಜವೇ? ಹೊಡೆತದ ಇಂಪಲ್ಸ್ ಒಂದೇ ಆಗಿದ್ದರೆ, ನಿಜವಲ್ಲ. ಬಲವನ್ನು ಅದು ತಗುಲಿದ್ದ ಸಮಯದಿಂದ ಗುಣಿಸಿದರೆ ಸಿಗುವುದೇ ಇಂಪಲ್ಸ್. ಕೋಲಿನ ನಡುಬಿಂದು ಎಷ್ಟು ವೇಗ ಪಡೆಯುತ್ತದೆ ಎಂಬುದಕ್ಕೆ ಇಂಪಲ್ಸ್ ಮತ್ತು ಕೋಲಿನ ದ್ರವ್ಯರಾಶಿ ಮಾತ್ರ ಸಾಕು. ಹೊಡೆತ ಎಲ್ಲಿ ಬಿತ್ತು ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಇಂಪಲ್ಸ್ J, ದ್ರವ್ಯರಾಶಿ M, ಉದ್ದ L ಆಗಿರಲಿ.

ನಡುಬಿಂದುವಿನ ವೇಗ: v = J/M

ತಿರುಗುವಿಕೆಗೆ ಬೇರೆ ಲೆಕ್ಕ. ನಡುವಿನಿಂದ L/2 ದೂರದಲ್ಲಿ ಹೊಡೆದದ್ದರಿಂದ ತಿರುಗಿಸುವ ಇಂಪಲ್ಸ್ J × L/2. ತಿರುಗಲು ಕೋಲು ಒಡ್ಡುವ ಜಡತ್ವ ML²/12. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ:

ತಿರುಗುವ ವೇಗ: ω = 6J/(ML)

1 ಕೆಜಿ ತೂಕದ, 1.2 ಮೀಟರ್ ಉದ್ದದ ಕೋಲಿಗೆ 2 ನ್ಯೂಟನ್-ಸೆಕೆಂಡ್ ಇಂಪಲ್ಸ್ ಕೊಟ್ಟೆವು ಎನ್ನೋಣ. ನಡುಬಿಂದು ಸೆಕೆಂಡಿಗೆ 2 ಮೀಟರ್ ಸಾಗುತ್ತದೆ. ಕೋಲು ಸೆಕೆಂಡಿಗೆ 10 ರೇಡಿಯನ್ ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 0.63 ಸೆಕೆಂಡ್. ನಡುವಿಗೇ ಹೊಡೆದಿದ್ದರೂ ನಡುಬಿಂದುವಿನ ವೇಗ ಅದೇ 2 ಮೀಟರ್.

ಹಾಗಾದರೆ ತಿರುಗುವ ಶಕ್ತಿ ಬಿಟ್ಟಿಯಾಗಿ ಬಂತೇ? ಇಲ್ಲ. ನಡುವಿಗೆ ಹೊಡೆದಾಗ ಕೋಲಿಗೆ ಸಿಗುವುದು 2 ಜೂಲ್, ತುದಿಗೆ ಹೊಡೆದಾಗ 8 ಜೂಲ್. ಹೊಡೆತ ಮುಗಿಯುವಷ್ಟರಲ್ಲಿ ತುದಿಯ ವೇಗ ಸೆಕೆಂಡಿಗೆ 8 ಮೀಟರ್ ತಲುಪಿರುತ್ತದೆ. ಹಾಗೆ ಓಡುವ ತುದಿಯನ್ನು ಬೆನ್ನಟ್ಟಿ ಅಷ್ಟೇ ಇಂಪಲ್ಸ್ ಕೊಡಲು ಹೊಡೆಯುವವರು ನಾಲ್ಕು ಪಟ್ಟು ಶಕ್ತಿ ವ್ಯಯಿಸಬೇಕು.

ತಪ್ಪು ನಂಬಿಕೆ ಹುಟ್ಟುವುದೂ ಇಲ್ಲೇ. ಹೊಡೆತ ತಿನ್ನುವಾಗ ತುದಿ, ಕೋಲಿನ ಕಾಲು ಭಾಗದಷ್ಟೇ ತೂಕವಿರುವ ವಸ್ತುವಿನಂತೆ ಸುಲಭವಾಗಿ ಸರಿದುಬಿಡುತ್ತದೆ. ಒಂದೇ ಸುತ್ತಿಗೆಯನ್ನು ಒಂದೇ ವೇಗದಲ್ಲಿ ಬೀಸಿದರೂ ತುದಿಗೆ ದಾಟುವ ಇಂಪಲ್ಸ್ ಕಡಿಮೆ. ಆಗ ಕೋಲು ನಿಧಾನವಾಗಿ ಸಾಗುವುದು ನಿಜ, ಆದರೆ ಕಾರಣ ತಿರುಗುವಿಕೆಯಲ್ಲ, ಕಡಿಮೆಯಾದ ಇಂಪಲ್ಸ್.

ವಿಡಿಯೊದಲ್ಲಿ ಇದನ್ನು ಪರೀಕ್ಷಿಸಲು J ಗೊತ್ತಿರಬೇಕಿಲ್ಲ. ತುದಿಗೆ ಹೊಡೆದ ಕೋಲು ಒಂದು ಸುತ್ತು ತಿರುಗುವಷ್ಟರಲ್ಲಿ ಅದರ ನಡುಬಿಂದು πL/3 ದೂರ, ಅಂದರೆ ಕೋಲಿನ ಉದ್ದಕ್ಕಿಂತ ತುಸು ಹೆಚ್ಚು ಸಾಗಿರುತ್ತದೆ. ಹೊಡೆತ ಜೋರಾಗಿರಲಿ, ಮೆಲ್ಲಗಿರಲಿ, ಈ ದೂರ ಬದಲಾಗದು. ಅದರ ಎರಡು ಪಟ್ಟು ಸಾಗಿದ್ದರೆ, ಹೊಡೆತ ಬಿದ್ದದ್ದು ತುದಿಗಲ್ಲ, ನಡುವಿಗೂ ತುದಿಗೂ ಮಧ್ಯದಲ್ಲಿ. ನಿಜವಾದ ಮಂಜಿನಲ್ಲಿ ಅಲ್ಪ ಘರ್ಷಣೆ ಇರುವುದರಿಂದ ಮೊದಲ ಸುತ್ತನ್ನೇ ಅಳೆಯಿರಿ.