ಯಾರ ಆಡುಮಾತು?

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಮೇಲೆ ನಮ್ಮ ವಸತಿಗೃಹಗಳ ಸಾಲಿನಲ್ಲಿ ತಿರುನೆಲ್ವೇಲಿಯ ಸ್ನೇಹಿತರೊಬ್ಬರ ಪರಿಚಯವಾಯಿತು. ನನ್ನಂತೆಯೇ ಕೇಂದ್ರ ಸರ್ಕಾರದ ನೌಕರರು. ಸಂಜೆಯ ವೇಳೆ ಅವರು ಐಐಟಿ ಪ್ರಾಧ್ಯಾಪಕರ ಉಪನ್ಯಾಸಗಳ ಲಿಖಿತ ಪಾಠಗಳನ್ನು ತಮಿಳಿಗೆ ಅನುವಾದಿಸುತ್ತಿದ್ದರು. ಎನ್‌ಪಿಟಿಇಎಲ್ ಎಂಬ ಹೆಸರಿನಲ್ಲಿ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎರಡು ದಶಕಗಳಿಂದ ನಡೆಸಿಕೊಂಡು ಬಂದಿರುವ ಯೋಜನೆಯ ಉಪನ್ಯಾಸಗಳಿವು. ಇಂಗ್ಲಿಷಿನಲ್ಲಿ ಆಡಿದ್ದನ್ನು ಅಕ್ಷರಕ್ಕಿಳಿಸಿ, ಅಲ್ಲಿಂದ ತಮಿಳು, ತೆಲುಗು, ಕನ್ನಡ ಮೊದಲಾದ ಭಾಷೆಗಳಿಗೆ ತರಲಾಗುತ್ತದೆ.

ಒಂದು ಭಾನುವಾರ ಅವರು ಒಂದೇ ಪುಟದ ಎರಡು ಅನುವಾದಗಳನ್ನು ಹಿಡಿದುಕೊಂಡು ಬಂದರು. "ಸಾರ್, ನೀವು ಸಾಹಿತ್ಯ ಓದಿದವರು. ಇದರಲ್ಲಿ ಯಾವುದು ಸರಿ ಹೇಳಿ," ಎಂದರು. ನನಗೆ ತಮಿಳು ಓದಲು ಬರುವುದು ಕಷ್ಟಪಟ್ಟು. ಆದರೂ ಅವರ ಪ್ರಶ್ನೆ ಕೇಳಿದಾಗ ನನಗೆ ನಗು ಬಂತು. ಇದೇ ಪ್ರಶ್ನೆಗೆ ಈ ಊರಿನಲ್ಲಿ ನೂರು ವರ್ಷಗಳ ಹಿಂದೆ ಯುದ್ಧವೇ ನಡೆದಿತ್ತು; ಅದನ್ನು ಆರಂಭಿಸಿದವರಲ್ಲಿ ಒಬ್ಬರು ತಮಿಳರೇ ಆಗಿದ್ದರು.

1906ರ ಸುಮಾರಿಗೆ ಜೆ. ಎ. ಯೇಟ್ಸ್ ಎಂಬ ಆಂಗ್ಲ ಅಧಿಕಾರಿ ಈ ಉತ್ತರದ ಜಿಲ್ಲೆಗಳಿಗೆ ಶಾಲಾ ಇನ್‌ಸ್ಪೆಕ್ಟರಾಗಿ ಬಂದರು. ತೆಲುಗು ಕಲಿಯತೊಡಗಿದ ಅವರನ್ನು ಒಂದು ಸಂಗತಿ ಕಾಡಿತು: ಶಾಲೆಯ ಪುಸ್ತಕದಲ್ಲಿರುವ ತೆಲುಗನ್ನು ಯಾರೂ ಆಡುವುದಿಲ್ಲ, ಎಲ್ಲರೂ ಆಡುವ ತೆಲುಗು ಯಾವ ಪುಸ್ತಕದಲ್ಲಿಯೂ ಇಲ್ಲ. ಪುಸ್ತಕ 'ವಚ್ಚುಚುನ್ನಾಡು' ಎಂದರೆ ಬೀದಿ 'ವಸ್ತುನ್ನಾಡು' ಎನ್ನುತ್ತದೆ. ಈ ವಿಷಯವನ್ನು ಅವರು ಚರ್ಚಿಸಿದವರಲ್ಲಿ ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಿ. ಟಿ. ಶ್ರೀನಿವಾಸ ಅಯ್ಯಂಗಾರ್ ಒಬ್ಬರು. ಮುಂದೆ ಪ್ರಾಚೀನ ತಮಿಳರ ಇತಿಹಾಸ ಬರೆದು ಹೆಸರಾದವರು ಇವರೇ. 1909ರಲ್ಲಿ ಅವರು ದೇಶಭಾಷೆಗಳಿಗೆ ಸಾವೋ ಬದುಕೋ ಎಂದು ಕೇಳುವ ಇಂಗ್ಲಿಷ್ ಪುಸ್ತಿಕೆಯೊಂದನ್ನು ಬರೆದರು. ಅವರ ಜೊತೆಗೆ ನಿಂತವರು ವಿಜಯನಗರದ ಗುರಜಾಡ ಅಪ್ಪಾರಾವ್ ಮತ್ತು ಪರ್ಲಾಕಿಮಿಡಿಯ ಅಧ್ಯಾಪಕ ಗಿಡುಗು ರಾಮಮೂರ್ತಿ. ಗಿಡುಗು ಅದಕ್ಕೂ ಮೊದಲೇ ಕಾಡಿನ ಸವರರ ಭಾಷೆಯನ್ನು ಕಲಿತವರು. ಬರಹವೇ ಇಲ್ಲದ ಭಾಷೆಗೂ ಕಟ್ಟುನಿಟ್ಟಾದ ವ್ಯಾಕರಣ ಇರುತ್ತದೆಂದು ಕಿವಿಯಿಂದ ಕಂಡುಕೊಂಡವರಿಗೆ ಆಡುಮಾತು ಕೆಟ್ಟ ಭಾಷೆ ಎಂಬ ಪಂಡಿತರ ಮಾತು ಒಪ್ಪಿಗೆಯಾಗಲಿಲ್ಲ.

ಗ್ರಾಂಥಿಕದ ಪಕ್ಷವೂ ಸುಮ್ಮನಿರಲಿಲ್ಲ. ಜಯಂತಿ ರಾಮಯ್ಯ ಪಂತುಲು ಮುಂದಾಗಿ 1911ರಲ್ಲಿ ಆಂಧ್ರ ಸಾಹಿತ್ಯ ಪರಿಷತ್ತನ್ನು ಕಟ್ಟಿದರು. ಮದರಾಸು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತೆಲುಗು ಪ್ರಬಂಧವನ್ನು ಯಾವ ಶೈಲಿಯಲ್ಲಿ ಬರೆಯಬೇಕೆಂದು ನಿರ್ಣಯಿಸಲು ಕುಳಿತ ಉಪಸಮಿತಿಯಲ್ಲಿ ಗ್ರಾಂಥಿಕದವರೇ ಗೆದ್ದರು. ಗುರಜಾಡ ಅದರ ವರದಿಗೆ 1914ರಲ್ಲಿ ದೀರ್ಘವಾದ ಭಿನ್ನಮತ ಟಿಪ್ಪಣಿ ಬರೆದರು. ಮರುವರ್ಷವೇ ತೀರಿಕೊಂಡರು.

ಅವರ ಪಕ್ಷದ ವಾದದಲ್ಲಿ ನನಗೆ ಇಂದಿಗೂ ಬಲವಾಗಿ ಕಾಣುವ ಅಂಶ ಒಂದಿದೆ. ಆಡುಮಾತು ಚೆನ್ನ ಎಂದು ಅವರು ಹೊಗಳುತ್ತ ಕೂರಲಿಲ್ಲ. ಗ್ರಾಂಥಿಕವೇ ಬೇಕೆನ್ನುವ ಪಂಡಿತರ ಬರವಣಿಗೆಯನ್ನೇ ತೆಗೆದುಕೊಂಡು, ಅದರಲ್ಲಿ ಆ ವ್ಯಾಕರಣದ ಪ್ರಕಾರವೇ ಎಷ್ಟು ತಪ್ಪುಗಳಿವೆ ಎಂದು ಎಣಿಸಿ ತೋರಿಸಿದರು. ಚಿನ್ನಯ ಸೂರಿಯ ವ್ಯಾಕರಣ ಕಾವ್ಯಭಾಷೆಯ ಮೇಲೆ ನಿಂತದ್ದು. ಅದನ್ನು ಗದ್ಯದಲ್ಲಿ ಪಾಲಿಸಲು ಅದನ್ನು ಬೋಧಿಸುವವರಿಗೇ ಆಗದಿದ್ದರೆ ಹದಿನಾರು ವರ್ಷದ ಹುಡುಗನಿಗೆ ಹೇಗೆ ಆದೀತು?

ಈಗ ನನ್ನ ಸ್ನೇಹಿತರ ಪುಟಕ್ಕೆ ಬರುತ್ತೇನೆ. ಪ್ರಾಧ್ಯಾಪಕರು ಘರ್ಷಣೆಯ ಬಗ್ಗೆ ಹೇಳುತ್ತಿದ್ದಾರೆ. ಮೇಜಿನ ಮೇಲೊಂದು ಪೆಟ್ಟಿಗೆ. ಇದನ್ನು ತಳ್ಳಿದರೆ ಏನಾಗುತ್ತದೆ, ಅಲುಗುವುದಿಲ್ಲ ಅಲ್ಲವೇ, ಏಕೆ ಅಲುಗಲಿಲ್ಲ ಎಂದು ಕೇಳುತ್ತಾರೆ. ಮೊದಲ ಅನುವಾದ ಹೀಗಿತ್ತು: 'ಇಪ್ಪೆಟ್ಟಿಯಿನೈತ್ ತಳ್ಳುವೋಮಾಯಿನ್ ಯಾದು ನಿಗಳುಂ?' ತಪ್ಪೇನಿಲ್ಲ. ಆದರೆ ಮಕ್ಕಳ ಮುಂದೆ ನಿಂತು ಪೆಟ್ಟಿಗೆ ತಳ್ಳುತ್ತಿರುವ ಮನುಷ್ಯ ಮಾಯವಾಗಿ ಅವನ ಜಾಗದಲ್ಲಿ ಶಾಸನವೊಂದು ನಿಂತಂತಾಗಿದೆ. ಎರಡನೆಯದು ಬಾಯಿಂದ ಬಂದದ್ದು: 'ಇಂದ ಪೆಟ್ಟಿಯ ತಳ್ಳಿನಾ ಎನ್ನ ಆಗುಂ? ನಗರಾದು, ಇಲ್ಲಯಾ? ಏನ್ ನಗರಲ?' (ತಮಿಳಿನ 'ಏನ್' ಎಂದರೆ ನಮ್ಮ 'ಏಕೆ'. ಹೊಸದಾಗಿ ತಮಿಳು ಕಲಿಯುವ ಕನ್ನಡಿಗರೆಲ್ಲರೂ ಎಡವುವ ಕಲ್ಲಿದು.)

ಗಿಡುಗು ಅವರ ಊರಿನ ಪಕ್ಕದಲ್ಲಿ ಕುಳಿತು ಎರಡನೆಯದನ್ನೇ ಮೆಚ್ಚಬೇಕೆನ್ನಿಸಿತು, ಹಾಗೆಯೇ ಹೇಳಿದೆ. ಸ್ನೇಹಿತರು ತಲೆಯಾಡಿಸಿದರು. ಅವರಿಗೆ ಎರಡು ತೊಡಕುಗಳು ಕಂಡಿದ್ದವು.

ಮೊದಲನೆಯದು ಅರ್ಥದ್ದು. ಬರಹದ ತಮಿಳಿನಲ್ಲಿ 'ತಳ್ಳಿನಾಲ್' ಎಂದರೆ ತಳ್ಳಿದರೆ. 'ತಳ್ಳಿನಾಳ್' ಎಂದರೆ ಅವಳು ತಳ್ಳಿದಳು. ಆಡುಮಾತಿನಲ್ಲಿ ಕೊನೆಯ ವ್ಯಂಜನ ಬಿದ್ದುಹೋಗಿ ಎರಡೂ 'ತಳ್ಳಿನಾ' ಆಗುತ್ತವೆ. ಎದುರಿಗಿದ್ದು ಕೇಳುವಾಗ ದನಿಯ ಏರಿಳಿತವೂ ಸಂದರ್ಭವೂ ಗೊಂದಲವನ್ನು ತಪ್ಪಿಸುತ್ತವೆ. ಕಾಗದದ ಮೇಲೆ ದನಿ ಇಲ್ಲ. ಭೌತಶಾಸ್ತ್ರದ ಪಾಠದಲ್ಲಿ ಸಾಲು ಬಿಟ್ಟು ಸಾಲಿಗೆ 'ಹೀಗಾದರೆ' ಎಂಬುದು ಬರುತ್ತದೆ. ಅಲ್ಲೆಲ್ಲ ಓದುಗ ಒಂದು ಕ್ಷಣ ತಡೆದು ಹಿಂದೆ ನೋಡಬೇಕಾಗುತ್ತದೆ. ಜೊತೆಗೆ ತಮಿಳರು ಶಾಲೆಯಲ್ಲಿ ಓದಲು ಕಲಿತದ್ದು 'ತಳ್ಳಿನಾಲ್' ಎಂಬ ಆಕಾರವನ್ನು. ಕಿವಿಗೆ ಅತಿ ಪರಿಚಿತವಾದ ಮಾತು ಕಣ್ಣಿಗೆ ಅಪರಿಚಿತ. ಸುಲಭವಾಗಲೆಂದು ಬರೆದದ್ದೇ ಓದಲು ನಿಧಾನವಾಗುತ್ತದೆ.

ಎರಡನೆಯ ತೊಡಕನ್ನು ಅವರು ಸ್ವಲ್ಪ ಸಂಕೋಚದಿಂದ ಹೇಳಿದರು. "ಇದು ನನ್ನ ಮಾತೂ ಅಲ್ಲ ಸಾರ್. ನಮ್ಮೂರ ಕಡೆ 'ಹೇಳುತ್ತೇನೆ' ಅನ್ನೋದಕ್ಕೆ 'ಸೊಲ್ಲುದೇನ್' ಅಂತೀವಿ. ಬರೆಯುವಾಗ ಕೈ ತಾನಾಗಿಯೇ ಚೆನ್ನೈಯವರ 'ಸೊಲ್ರೇನ್' ಬರೆಯಿತು." ಬರಹದಲ್ಲಿ 'ವಂದುಕೊಂಡಿರುಕ್ಕಿರದು' ಎಂದು ಒಂದೇ ರೂಪವಿದ್ದರೆ, ಆಡುವಾಗ ಒಬ್ಬರು 'ವಂದುಕಿಟ್ಟಿರುಕ್ಕು', ಇನ್ನೊಬ್ಬರು 'ವಂದುಟ್ಟಿರುಕ್ಕು', ಬ್ರಾಹ್ಮಣರ ಮನೆಯಲ್ಲಿ 'ವಂದುಂಡಿರುಕ್ಕು'. ಯಾವುದನ್ನು ಅಚ್ಚಿಗೆ ಕೊಟ್ಟರೂ ಪಾಠ ಹೇಳುತ್ತಿರುವ ಪ್ರಾಧ್ಯಾಪಕರಿಗೆ ಒಂದು ಜಿಲ್ಲೆಯೋ ಒಂದು ಜಾತಿಯೋ ಅಂಟಿಕೊಳ್ಳುತ್ತದೆ. ಜಾಫ್ನಾದಲ್ಲಿಯೋ ಮಲೇಷ್ಯಾದಲ್ಲಿಯೋ ಓದುವ ತಮಿಳರಿಗಂತೂ ಇವೆಲ್ಲವೂ ದೂರ; ಅವರಿಗೂ ಇವರಿಗೂ ಸಾಮಾನ್ಯವಾದದ್ದು ಬರಹದ ರೂಪವೇ.

ಇಲ್ಲಿಯೇ ಆಂಧ್ರದ ಕಥೆಯ ಉತ್ತರಾರ್ಧ ನೆನಪಾಯಿತು. ಕೇಂದ್ರ ಕಚೇರಿಯ ಕೆಲಸಕ್ಕೆಂದು ನಾನು ಆಗಾಗ ವಿಜಯವಾಡಕ್ಕೆ ಹೋಗುತ್ತೇನೆ. ರೈಲಿನಲ್ಲಿ ಕೃಷ್ಣೆಯ ಕಡೆ ಸಾಗಿದಂತೆ ಸಹಪ್ರಯಾಣಿಕರ ತೆಲುಗು ಪತ್ರಿಕೆಯ ತೆಲುಗಿಗೆ ಹತ್ತಿರವಾಗುತ್ತ ಹೋಗುವುದು ನನ್ನಂಥ ಪರಭಾಷಿಕನ ಕಿವಿಗೂ ತಿಳಿಯುತ್ತದೆ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಹುಟ್ಟಿದ್ದು ವಿಜಯವಾಡದಲ್ಲಿ, ಆಗಿನ ಬೆಜವಾಡದಲ್ಲಿ. ಕೆಲವೇ ವರ್ಷಗಳಲ್ಲಿ ಅದು ವಾಲ್ತೇರಿಗೆ, ಎಂದರೆ ನಮ್ಮ ವಿಶಾಖಪಟ್ಟಣಕ್ಕೆ ಬಂದಿತು. ಮೊದಲ ಉಪಕುಲಪತಿ ಸಿ. ಆರ್. ರೆಡ್ಡಿ ಅದಕ್ಕೆ ಮುನ್ನ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ವಿಶ್ವವಿದ್ಯಾಲಯ ಉತ್ತರಕ್ಕೆ ಪ್ರಯಾಣ ಮಾಡಿದರೆ ಭಾಷೆ ದಕ್ಷಿಣಕ್ಕೆ ಪ್ರಯಾಣ ಮಾಡಿತು. ವ್ಯಾವಹಾರಿಕದ ಹೋರಾಟ ಹುಟ್ಟಿದ್ದು ವಿಜಯನಗರ, ಪರ್ಲಾಕಿಮಿಡಿ, ವಿಶಾಖಪಟ್ಟಣಗಳಲ್ಲಿ. ಗುರಜಾಡರ 'ಕನ್ಯಾಶುಲ್ಕಂ' ನಾಟಕದ ಜೀವವಿರುವುದು ವಿಜಯನಗರದ ಬಾಯಿಮಾತಿನಲ್ಲಿ. ಆದರೆ ಕೊನೆಗೆ ಗೆದ್ದು ಪತ್ರಿಕೆಗಳಲ್ಲಿಯೂ ಪಠ್ಯಗಳಲ್ಲಿಯೂ ನೆಲೆಯಾದ 'ಶಿಷ್ಟ ವ್ಯಾವಹಾರಿಕ' ಕೃಷ್ಣಾ, ಗುಂಟೂರು, ಗೋದಾವರಿ ಜಿಲ್ಲೆಗಳ ಓದಿದವರ ಮಾತು. ಅಚ್ಚುಕೂಟಗಳೂ ಪ್ರಕಾಶಕರೂ ಅಲ್ಲಿದ್ದರು. 1948ರಲ್ಲಿ ಆಕಾಶವಾಣಿ ಕೇಂದ್ರವೂ ವಿಜಯವಾಡದಲ್ಲಿಯೇ ತೆರೆಯಿತು. ಇಂದು ವಿಶಾಖಪಟ್ಟಣದ ಆಟೋ ಚಾಲಕ 'ಏಮಿಟಿ' ಎನ್ನುವಲ್ಲಿ 'ಏಟಿ' ಎಂದರೆ ಸಿನಿಮಾದವರಿಗೆ ಅದು ನಗಿಸುವ ಭಾಷೆ. ತೆಲಂಗಾಣದವರ ದೂರು ಇನ್ನೂ ದೊಡ್ಡದು. ಗ್ರಾಂಥಿಕ ಎಲ್ಲರಿಗೂ ಸಮಾನವಾಗಿ ಪರಕೀಯವಾಗಿತ್ತು. ವ್ಯಾವಹಾರಿಕ ಕೆಲವರಿಗೆ ಮನೆಮಾತಾಯಿತು, ಉಳಿದವರಿಗೆ ನೆರೆಮನೆಯ ಮಾತಾಯಿತು. ಇದರಿಂದ ಗಿಡುಗು ಸೋತರೆಂದು ನಾನು ಹೇಳಲಾರೆ. ಗ್ರಾಂಥಿಕದಲ್ಲಿ ಇಂದಿನ ತೆಲುಗು ಪತ್ರಿಕೆ ಒಂದು ದಿನವೂ ನಡೆಯದು. ಆದರೆ ಆಡುಮಾತು ಎಂದೊಡನೆ ಯಾರ ಆಡುಮಾತು ಎಂದು ಕೇಳಬೇಕಾಗಿತ್ತು.

ನಾವು ಕನ್ನಡಿಗರು ಈ ವಿಷಯದಲ್ಲಿ ಅದೃಷ್ಟವಂತರು. 'ತಳ್ಳಿದರೆ' ಎಂದು ಬರೆದು 'ತಳ್ಳಿದ್ರೆ' ಎಂದು ಓದಿಕೊಳ್ಳುತ್ತೇವೆ, ನಡುವಿನ ದೂರ ಗೊತ್ತೇ ಆಗುವುದಿಲ್ಲ. ತಮಿಳಿನ ದೂರ ಇದಕ್ಕಿಂತ ಹೆಚ್ಚು.

ಹಾಗಾದರೆ ಸ್ನೇಹಿತರು ಏನು ಮಾಡಿದರು? ಎರಡು ಪುಟಗಳನ್ನೂ ಬದಿಗಿಟ್ಟು ಮೂರನೆಯದನ್ನು ಬರೆದರು: 'ಇಂದಪ್ ಪೆಟ್ಟಿಯೈತ್ ತಳ್ಳಿನಾಲ್ ಎನ್ನ ಆಗುಂ? ನಗರಾದು. ಏನ್ ನಗರವಿಲ್ಲೈ?' ಗಮನಿಸಿ, ಪದಗಳು, ಅವುಗಳ ಕ್ರಮ, ಪ್ರಶ್ನೆಗಳು ಎಲ್ಲವೂ ಆಡುಮಾತಿನವು. ಪ್ರತ್ಯಯಗಳು ಮಾತ್ರ ಬರಹದವು. 'ಯಾದು' ಹೋಗಿ 'ಎನ್ನ' ಬಂದಿದೆ, 'ನಿಗಳುಂ' ಹೋಗಿ 'ಆಗುಂ' ಬಂದಿದೆ, ಆದರೆ 'ತಳ್ಳಿನಾ' ಮರಳಿ 'ತಳ್ಳಿನಾಲ್' ಆಗಿದೆ. 'ಇಲ್ಲಯಾ' ಎಂಬ ಬಾಲವನ್ನು ಕತ್ತರಿಸಿದರು. ಪ್ರಾಧ್ಯಾಪಕರು ನಿಮಿಷಕ್ಕೆ ಮೂರು ಬಾರಿ 'ಅಲ್ಲವೇ' ಎನ್ನುತ್ತಾರೆ, ಪುಟದಲ್ಲಿ ಅದು ತೊದಲಿನಂತೆ ಕಾಣುತ್ತದೆ. ವಿದ್ಯಾರ್ಥಿ ನಿಜವಾಗಿ ನಿಂತು ಯೋಚಿಸಬೇಕಾದ ಕಡೆ ಮಾತ್ರ ಅದನ್ನು ಉಳಿಸಿದರು. 'ಇದು ಇಲ್ಲಿಗೆ ಬರುತ್ತದೆ' ಎಂದು ಅವರು ಹಲಗೆಯತ್ತ ಕೈ ತೋರಿಸುವ ಕಡೆಗಳಲ್ಲಿ ವೀಡಿಯೊ ನೋಡಿ 'ಇದು' ಯಾವುದೆಂದು ಹೆಸರಿಸಿ ಬರೆದರು. ಘರ್ಷಣೆಗೆ 'ಉರಾಯ್ವು' ಎಂಬ ತಮಿಳು ಪದವನ್ನೇ ಬಳಸಿ, ಮೊದಲ ಸಲ ಬಂದಾಗ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಕೊಟ್ಟರು, ಏಕೆಂದರೆ ಪರೀಕ್ಷೆ ನಡೆಯುವುದು ಇಂಗ್ಲಿಷಿನಲ್ಲಿ.

ಧ್ವನಿಮುದ್ರಣವಾಗಿದ್ದರೆ ಎರಡನೆಯ ಪುಟವೇ ಸರಿ ಎಂಬುದು ಅವರ ಅಭಿಪ್ರಾಯ, ನನ್ನದೂ ಹೌದು. ಸಿಂಗಪುರದವರು 2005ರಲ್ಲಿ ತಮಿಳು ಬೋಧನೆಯನ್ನು ಪರಿಶೀಲಿಸಿದಾಗ ತರಗತಿಯ ಮಾತಿಗೆ ಶಿಷ್ಟ ಆಡುಮಾತನ್ನು ಶಿಫಾರಸು ಮಾಡಿದರು. ಅಲ್ಲಿ ಪ್ರಶ್ನೆ ನಾಲಗೆಯದು, ಇಲ್ಲಿ ಕಣ್ಣಿನದು.

ಮೂರನೆಯ ಪುಟವನ್ನು ಅವರು ತಿರುನೆಲ್ವೇಲಿಯ ಪಾಲಿಟೆಕ್ನಿಕ್ಕಿನಲ್ಲಿ ಓದುವ ತಂಗಿಯ ಮಗನಿಗೆ ಕಳುಹಿಸಿ, ಫೋನಿನಲ್ಲಿ ಗಟ್ಟಿಯಾಗಿ ಓದಲು ಹೇಳಿದರು. ನಾನೂ ಪಕ್ಕದಲ್ಲಿದ್ದೆ. ಹುಡುಗ ಸರಾಗವಾಗಿ ಓದಿದ. ಕಾಗದದಲ್ಲಿ 'ತಳ್ಳಿನಾಲ್' ಎಂದಿದ್ದುದನ್ನು 'ತಳ್ಳಿನಾ' ಎಂದೂ 'ನಗರವಿಲ್ಲೈ' ಎಂದಿದ್ದುದನ್ನು 'ನಗರಲ' ಎಂದೂ ಓದಿದ. ಬರೆದಂತೆ ಯಾಕೆ ಓದಲಿಲ್ಲ ಎಂದು ಮಾವ ಕೇಳಿದರು. "ಬರೆದ ಹಾಗೇ ಓದಿದೆನಲ್ಲ ಮಾಮಾ," ಎಂದ.